ರಿಪೋರ್ಟ್‌ನ ಕನ್ವರ್ಷನ್ ರೇಟ್ ಕಾಲಂ ಸರಿ ಮಾಡಿದೀವಿ, ಹಳೇ ಸೊನ್ನೆಗಳನ್ನ ನಂಬಬೇಡಿ

ಮಂಡ್ಯ

ನಮ್ಮ ಎಲ್ಲಾ ಗ್ರಾಹಕರಿಗೂ ನಮಸ್ಕಾರ,

ವಿಷಯಕ್ಕೇ ಬರ್ತೀನಿ. ನಿಮ್ಮ ಎನ್ಕ್ವೈರಿ ರಿಪೋರ್ಟ್‌ನಲ್ಲಿ ಕೊನೇಗೆ ಒಂದು ಕನ್ವರ್ಷನ್ ರೇಟ್ ಕಾಲಂ ಇದೆಯಲ್ಲ, ಅಂದ್ರೆ ವಿಚಾರಿಸಿದೋರಲ್ಲಿ ನೂರಕ್ಕೆ ಎಷ್ಟು ಜನ ತಗೊಂಡ್ರು ಅನ್ನೋದು, ಅದು ಕಳೆದ 19 ದಿನ ಬಹುತೇಕ ಎಲ್ಲರಿಗೂ 0.00 ತೋರಿಸಿದೆ. ತಪ್ಪು ನಮ್ದು. ಈ ಸೋಮವಾರ ರಾತ್ರಿ ಸರಿ ಮಾಡಿದೀವಿ, ಹಳೇ ದಿನಗಳ್ದೂ ಮತ್ತೆ ಲೆಕ್ಕ ಹಾಕಿ ತುಂಬಿದೀವಿ. ಎನ್ಕ್ವೈರಿ ಎಷ್ಟು, ಆರ್ಡರ್ ಎಷ್ಟು ಅನ್ನೋ ಎರಡು ಕಾಲಂ ಮೊದಲಿಂದ್ಲೂ ಸರಿಯಾಗೇ ಇದ್ವು, ಒಂದು ಎಂಟ್ರಿನೂ ಕಳೆದಿಲ್ಲ.

ಇದನ್ನ ಹಿಡಿದುಕೊಟ್ಟಿದ್ದು ನಾವಲ್ಲ, ಮದ್ದೂರು ಕಡೆಯ ಫರ್ನಿಚರ್ ಅಂಗಡಿಯವರು. ಫೋನ್ ಮಾಡಿ "ಏನಪ್ಪ, ನಿಮ್ ಕಂಪ್ಯೂಟ್ರು ನಮ್ ಅಂಗ್ಡೀಲಿ ಯಾಪಾರ್ವೇ ಆಗ್ತಿಲ್ಲ ಅಂತದೆ, ಭಾನ್ವಾರ ಒಂದಿನ ಮಾತ್ರ ನೂರಕ್ಕೆ ನೂರು ಕೊಟ್ಟೈತೆ" ಅಂದ್ರು. ತೆಗೆದು ನೋಡಿದ್ರೆ ಆ ಭಾನುವಾರ ಫೋನ್ ಬಂದಿದ್ದೇ ಒಂದು, ಆ ಒಬ್ರೇ ಮಂಚ ಬುಕ್ ಮಾಡಿದ್ರು. ಮಿಕ್ಕ ದಿನ ಎಲ್ಲಾ ಸೊನ್ನೆ. ಮಧ್ಯದ ನಂಬರೇ ಇಲ್ಲ, ಒಂದೋ 0.00, ಇಲ್ಲಾ 100.00. ಅದನ್ನ ನೋಡಿದ ತಕ್ಷಣ ನಂಗೆ ತಲೆ ಚಚ್ಕೋಬೇಕು ಅನ್ನಿಸ್ತು, ಯಾಕಂದ್ರೆ ಈ ಲಕ್ಷಣ ಕಂಡ್ರೆ ರೋಗ ಒಂದೇ.

ಆಗಿದ್ದು ಹೀಗೆ. ಕಳೆದ ತಿಂಗಳು ನಮ್ಮ ಡೇಟಾಬೇಸ್‌ನ ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಶಿಫ್ಟ್ ಮಾಡಿದ್ವಿ. ದಿನಾ ರಾತ್ರಿ ಒಂದು ಕ್ವೆರಿ ಓಡಿ ಫೋನ್, ಇನ್‌ಸ್ಟಾಗ್ರಾಂ, ನೇರ ಬಂದೋರು ಅಂತ ಒಂದೊಂದಕ್ಕೂ ದಿನದ ರೇಟ್, ತಿಂಗಳ ರೇಟ್ ಲೆಕ್ಕ ಹಾಕಿ ಬರೆದಿಡುತ್ತೆ. ಅದೇ ಹಳೇ ಕ್ವೆರಿನೇ ಇಲ್ಲಿಗೂ ತಂದ್ವಿ. ಮೊದಲ ರಾತ್ರೀನೇ ಅದು `division by zero` ಅಂತ ಕಿರುಚಿ ನಿಂತೋಯ್ತು, ಯಾಕಂದ್ರೆ ಕೆಲವರಿಗೆ ಆ ದಿನ ಎನ್ಕ್ವೈರಿನೇ ಸೊನ್ನೆ, ಅಂಥ ಕಡೆ ಮೈಎಸ್‌ಕ್ಯೂಎಲ್ ಸುಮ್ನೆ ಖಾಲಿ ಬಿಡ್ತಿತ್ತು, ಪೋಸ್ಟ್‌ಗ್ರೆಸ್ ಬಿಡಲ್ಲ. ರಾತ್ರಿ ಒಂದು ಗಂಟೇಲಿ ಕೂತು ಸೊನ್ನೆ ಇದ್ರೆ ಅದನ್ನ ಖಾಲಿ ಅಂತ ಮಾಡೋ `nullif` ಒಂದನ್ನ ಅಲ್ಲಿ ಹಾಕಿ, ಓಡ್ತಲ್ಲ ಸದ್ಯ ಅಂತ ಮಲಗಿದ್ವಿ. ಸಾಲು ಹೀಗಿತ್ತು:

```sql
round(orders / nullif(enquiries, 0) * 100, 2)
```

ಕಿರುಚಿದ ತಪ್ಪನ್ನ ಸರಿ ಮಾಡಿದ್ವಿ, ಅದೇ ಸಾಲಲ್ಲಿ ಬಾಯಿ ಮುಚ್ಕೊಂಡು ಕೂತಿದ್ದ ಇನ್ನೊಂದನ್ನ ನೋಡ್ಲೇ ಇಲ್ಲ.

`orders` ಮತ್ತು `enquiries` ಎರಡೂ ಪೂರ್ಣ ಸಂಖ್ಯೆಗಳು. ಮೈಎಸ್‌ಕ್ಯೂಎಲ್‌ನಲ್ಲಿ ಹೀಗೆ ಭಾಗಿಸಿದ್ರೆ ದಶಮಾಂಶದ ಉತ್ತರ ಬರುತ್ತೆ. ಪೋಸ್ಟ್‌ಗ್ರೆಸ್‌ನಲ್ಲಿ ಎರಡೂ ಕಡೆ ಪೂರ್ಣ ಸಂಖ್ಯೆ ಇದ್ರೆ ಉತ್ತರಾನೂ ಪೂರ್ಣ ಸಂಖ್ಯೆನೇ, ಪ್ರೈಮರಿ ಸ್ಕೂಲಲ್ಲಿ ಮೇಷ್ಟ್ರು ಹೇಳ್ಕೊಟ್ಟ ಭಾಗಾಕಾರದ ಥರ. ಆ ಫರ್ನಿಚರ್ ಅಂಗಡಿದೇ ಲೆಕ್ಕ ತಗೊಳ್ಳಿ, ತಿಂಗಳಲ್ಲಿ ಫೋನ್ ಎನ್ಕ್ವೈರಿ 240, ಅದ್ರಲ್ಲಿ ಆರ್ಡರ್ 31. 31ರಲ್ಲಿ 240 ಎಷ್ಟು ಸಲ ಹೋಗುತ್ತೆ? ಹೋಗಲ್ಲ. ಭಾಗಲಬ್ಧ 0, ಶೇಷ 31. ಡೇಟಾಬೇಸು ಭಾಗಲಬ್ಧ ಇಟ್ಕೊಂಡು ಶೇಷ ಬಿಸಾಕ್ತು. ಆಮೇಲೆ ಸೊನ್ನೇನ ನೂರರಿಂದ ಗುಣಿಸಿದ್ರೂ ಸೊನ್ನೆನೇ. ಕೊನೇಗೆ ಆ `round` ಬಂದು ಎರಡು ದಶಮಾಂಶ ಅಂಟಿಸಿ 0.00 ಮಾಡ್ತು, ಅದೇ ನಮ್ಮನ್ನ ಏಮಾರಿಸಿದ್ದು, ಬರೀ 0 ಅಂತಿದ್ದಿದ್ರೆ ಡೌಟ್ ಬರ್ತಿತ್ತೇನೋ, 0.00 ನೋಡಿದ್ರೆ ದಶಮಾಂಶದ ಲೆಕ್ಕ ನೀಟಾಗಿ ನಡೆದಿದೆ ಅನ್ಸುತ್ತೆ. ಆರ್ಡರೂ ಎನ್ಕ್ವೈರಿನೂ ಸಮ ಆದಾಗ ಮಾತ್ರ ಭಾಗಲಬ್ಧ 1, ಆ ಭಾನುವಾರದ ನೂರಕ್ಕೆ ನೂರು ಬಂದಿದ್ದು ಅದಕ್ಕೇ.

ಮೊದಲ ಸಲ ಸರಿ ಮಾಡಿದ್ದೂ ಅರೆಬರೆ ಆಯ್ತು, ಅದನ್ನೂ ಹೇಳ್ಬಿಡ್ತೀನಿ. ನಮ್ಮ ಹುಡುಗ ನೂರನ್ನ ಮುಂದಕ್ಕೆ ತಂದ, ಮೊದ್ಲು ಗುಣಿಸಿ ಆಮೇಲೆ ಭಾಗಿಸೋಣ ಅಂತ. 3100 ಭಾಗ 240, ಬಂದಿದ್ದು 12.00. ನಂಬರ್ ಬಂತಲ್ಲ ಅಂತ ಖುಷಿಯಾದ್ವಿ, ಆದ್ರೆ ಕ್ಯಾಲ್ಕುಲೇಟರ್‌ನಲ್ಲಿ ಒತ್ತಿದ್ರೆ 12.92. ಅದೇ ಅಂಗಡಿಯ ಇನ್‌ಸ್ಟಾಗ್ರಾಂ ಸಾಲು ನೋಡಿದ್ರೆ ಇನ್ನೂ 0.00, ಯಾಕಂದ್ರೆ ಅಲ್ಲಿ 210 ಎನ್ಕ್ವೈರಿಗೆ ಆರ್ಡರ್ ಎರಡೇ, 200 ಭಾಗ 210 ಮತ್ತೆ ಸೊನ್ನೆನೇ. ಅಲ್ಲಿ ಬರಬೇಕಿದ್ದಿದ್ದು 0.95. ಅಂದ್ರೆ ನೂರು ಮುಂದೆ ಬಂದ್ರಷ್ಟೇ ಸಾಲ್ದು, ಅದು ದಶಮಾಂಶದ ನೂರಾಗಿರಬೇಕು:

```sql
round(100.0 * orders / nullif(enquiries, 0), 2)
```

ಆ ಒಂದು ಚುಕ್ಕಿ ಸೊನ್ನೆಗೆ ಇಷ್ಟೆಲ್ಲಾ ರಾಮಾಯಣ. ಜಾಗಾನೂ ಮುಖ್ಯ, `100.0` ಕೊನೇಲಿ ಇಟ್ರೆ ಕೆಲ್ಸಕ್ಕೆ ಬರಲ್ಲ, ಎಡಗಡೆಯಿಂದ ಲೆಕ್ಕ ನಡೆಯೋದ್ರಿಂದ ಅಷ್ಟೊತ್ತಿಗೆ ಭಾಗಾಕಾರ ಮುಗಿದು ಶೇಷ ಹೋಗಿರುತ್ತೆ. ನಿಮ್ಮಲ್ಲಿ ಎರಡು ಮೂರು ಜನ ನಮ್ಮ ಡೇಟಾ ಮೇಲೆ ಸ್ವಂತ ಕ್ವೆರಿ ಬರ್ಕೊಂಡಿದೀರ, ದಯವಿಟ್ಟು ಭಾಗಾಕಾರ ಇರೋ ಸಾಲೆಲ್ಲ ಒಮ್ಮೆ ನೋಡ್ಕೊಳಿ. ಎಸ್‌ಕ್ಯೂಎಲ್ ಸರ್ವರ್, ಎಸ್‌ಕ್ಯೂಲೈಟ್ ಬಳಸೋರಿಗೂ ಇದೇ ಕಥೆ.

ಕ್ವೆರಿ ಸರಿಯಾದ್ರೂ ಹಳೇ ಸೊನ್ನೆಗಳು ತಾವಾಗೇ ಹೋಗಲ್ಲ, ಅವು ಆಗ್ಲೇ `conversion_rate` ಕಾಲಂನಲ್ಲಿ ಬರೆದು ಕೂತಿರ್ತವೆ. ಪುಣ್ಯಕ್ಕೆ ಪ್ರತಿ ಸಾಲಲ್ಲೂ ಪಕ್ಕದಲ್ಲೇ ಆರ್ಡರ್, ಎನ್ಕ್ವೈರಿ ಇದ್ವಲ್ಲ, 19 ದಿನದ್ದೂ ಅವುಗಳಿಂದಲೇ ವಾಪಸ್ ಲೆಕ್ಕ ಹಾಕಿದ್ವಿ. ಆದ್ರೆ ನೀವು ಆ ದಿನಗಳಲ್ಲಿ ಡೌನ್‌ಲೋಡ್ ಮಾಡಿಟ್ಟ ಎಕ್ಸೆಲ್ ಶೀಟ್‌ಗಳಲ್ಲಿ ಹಳೇ ಸೊನ್ನೆನೇ ಇರುತ್ತೆ, ಅವನ್ನ ತೆಗೆದು ಹಾಕಿ ಮತ್ತೆ ಡೌನ್‌ಲೋಡ್ ಮಾಡ್ಕೊಳಿ. ಆ ಶೀಟ್‌ನಲ್ಲಿ ದಿನದ ರೇಟ್‌ಗಳ ಸರಾಸರಿ ತೆಗೆಯೋ ಅಭ್ಯಾಸ ಕೆಲವರಿಗಿದೆ, ಅದು ಈಗ್ಲೂ ತಪ್ಪೇ. ಭಾನುವಾರ ಒಂದಕ್ಕೆ ಒಂದು, ಸೋಮವಾರ 20ಕ್ಕೆ ಎರಡು ಅಂದ್ರೆ ಸರಾಸರಿ 55 ಬರುತ್ತೆ, ನಿಜವಾಗಿ ಆಗಿರೋದು 21ಕ್ಕೆ 3, ಅಂದ್ರೆ 14.29. ತಿಂಗಳ ಸಾಲನ್ನೇ ನೋಡಿ.

ಇನ್ನೊಂದು ಬದಲಾವಣೆ, ಎನ್ಕ್ವೈರಿನೇ ಬರದ ದಿನ ಇನ್ಮೇಲೆ ಗೆರೆ ಕಾಣುತ್ತೆ. 0.00 ಅಂತ ಕಂಡ್ರೆ ಜನ ವಿಚಾರಿಸಿದ್ರು, ಯಾರೂ ತಗೊಂಡಿಲ್ಲ ಅಂತರ್ಥ.

ನಂಗೆ ನಿಜವಾಗ್ಲೂ ಬೇಜಾರಾಗಿರೋದು ವಾಟ್ಸಾಪ್ ಅಲರ್ಟ್ ವಿಷಯಕ್ಕೆ. ರೇಟ್ 5ಕ್ಕಿಂತ ಕಮ್ಮಿ ಆದ್ರೆ ಮೆಸೇಜ್ ಹೋಗೋ ಹಾಗೆ ಇಟ್ಟಿದ್ವಿ, ಸೊನ್ನೆ ನಂಬ್ಕೊಂಡು ಅದು ದಿನಾ ಕಳಿಸ್ತು. ಪಾಂಡವಪುರದ ಹೋಂಸ್ಟೇಯವರೊಬ್ರು ಆ ಮೆಸೇಜ್ ನೋಡಿ ಚೆನ್ನಾಗಿ ನಡೀತಿದ್ದ ಆಡ್ ನಿಲ್ಲಿಸ್ಬಿಟ್ರು. ಸರಿಯಾದ ಲೆಕ್ಕದಲ್ಲಿ ಅವರ ಆ ಆಡ್‌ನಿಂದ 64 ಎನ್ಕ್ವೈರಿಗೆ 9 ಬುಕಿಂಗ್ ಆಗಿತ್ತು, ಅಂದ್ರೆ 14.06. ಅಲರ್ಟ್ ಸದ್ಯಕ್ಕೆ ಆಫ್ ಇದೆ. ತಪ್ಪು ಅಲರ್ಟ್ ಹೋದ ಎಲ್ಲರಿಗೂ ಈ ತಿಂಗಳ ಬಿಲ್ ಹಾಕಲ್ಲ, ಆ ಮೆಸೇಜ್ ನಂಬಿ ನೀವೂ ಏನಾದ್ರೂ ನಿಲ್ಲಿಸಿದ್ರೆ ಆಫೀಸಿಗೆ ಫೋನ್ ಮಾಡಿ, ಯಾವ ದಿನ ನಿಜವಾದ ರೇಟ್ ಎಷ್ಟಿತ್ತು ಅಂತ ಕೂತು ತೋರಿಸ್ತೀವಿ.