ಸತೀಶನಿಗೆ, ಎರಡೂ ಕಡೆ ಬೆಟ್ ಕಟ್ಟೋ ಲೆಕ್ಕದ ಬಗ್ಗೆ

ಲೋ ಸತೀಶ,

ಲೆಸ್ಟರ್‌ಗೆ ಬಂದು ಮೂರು ತಿಂಗಳಾಗಿಲ್ಲ, ಆಗ್ಲೇ ಕೇಳ್ತಿದೀಯಲ್ಲೋ, ಇಬ್ರು ಬುಕ್ಕಿಗಳ ಹತ್ರ ಎರಡೂ ಕಡೆ ದುಡ್ಡು ಹಾಕಿದ್ರೆ ಯಾರು ಗೆದ್ರೂ ಲಾಭ ಅಂತಾರೆ ನಿಜಾನಾ ಅಂತ. ಲೆಕ್ಕ ನಿಜ ಕಣೋ. ಆದ್ರೆ ಆ ಲೆಕ್ಕ ನಂಬ್ಕೊಂಡೇ ನಾನು ಒಂದೇ ಮ್ಯಾಚಲ್ಲಿ 315 ಪೌಂಡ್ ಕಳ್ಕೊಂಡೆ, ಅದನ್ನೇ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಈ ಆರ್ಬ್, ಅಂದ್ರೆ ಯಾರು ಗೆದ್ರೂ ಲಾಭ ಬರೋ ಬೆಟ್ ಜೋಡಿ, ಹುಡುಕೋ ಸಾಫ್ಟ್‌ವೇರ್‌ಗಳು ಅದನ್ನ ತೋರ್ಸಲ್ಲ.

ಟೆನಿಸ್ ಮ್ಯಾಚ್ ಅದು. ಟೆನಿಸಲ್ಲಿ ಡ್ರಾ ಇಲ್ವಲ್ಲ, ಇವನು ಇಲ್ಲ ಅವನು, ಅದಕ್ಕೇ ಎಲ್ರೂ ಅಲ್ಲಿಂದಾನೇ ಶುರು ಮಾಡೋದು. ಒಬ್ಬ ಬುಕ್ಕಿ ಫೇವರಿಟ್ ಆಟಗಾರನಿಗೆ 1.62 ಆಡ್ಸ್ ಕೊಡ್ತಿದ್ದ, ಅಂದ್ರೆ ಗೆದ್ರೆ ಹಾಕಿದ ಒಂದೊಂದು ಪೌಂಡ್‌ಗೆ 1.62 ಪೌಂಡ್ ವಾಪಸ್, ಇನ್ನೊಬ್ಬ ಎದುರಾಳಿಗೆ 2.75. ಆರ್ಬ್ ಇದ್ಯಾ ಅಂತ ನೋಡೋಕೆ ಒಂದನ್ನ ಎರಡೂ ಆಡ್ಸ್‌ನಿಂದ ಬೇರೆ ಬೇರೆಯಾಗಿ ಭಾಗಿಸಿ ಕೂಡ್ಬೇಕು:

```
1/1.62 + 1/2.75 = 0.617 + 0.364 = 0.981
```

ಒಂದಕ್ಕಿಂತ ಕಮ್ಮಿ ಬಂತು ಅಂದ್ರೆ ಆರ್ಬ್ ಇದೆ. ಇಲ್ಲಿ ಲಾಭ ಹತ್ರಹತ್ರ 2 ಪರ್ಸೆಂಟ್. 500 ಪೌಂಡನ್ನ ಹಂಚೋದು ಹೇಗೆ ಅಂದ್ರೆ 0.617ನ 0.981ರಿಂದ ಭಾಗಿಸಿ 500ರಿಂದ ಗುಣಿಸು, ಸುಮಾರು 315 ಬರುತ್ತೆ, ಅದು ಫೇವರಿಟ್ ಮೇಲೆ, ಉಳಿದ 185 ಎದುರಾಳಿ ಮೇಲೆ. ಫೇವರಿಟ್ ಗೆದ್ರೆ 510.30 ವಾಪಸ್, ಎದುರಾಳಿ ಗೆದ್ರೆ 508.75. ಅಂದ್ರೆ ಹೆಂಗಾದ್ರೂ ಒಂಬತ್ತು ಹತ್ತು ಪೌಂಡ್ ಕೈಗೆ. ಪೈಸೆ ಲೆಕ್ಕದಲ್ಲಿ 314.64 ಅಂತೆಲ್ಲ ಹಾಕ್ಬೇಡ, ಮಾಮೂಲಿ ಜನ ಹಂಗೆ ಬೆಟ್ ಕಟ್ಟಲ್ಲ, ನೀನು ಆರ್ಬ್ ಆಡ್ತಿದೀಯ ಅಂತ ಬುಕ್ಕಿಗೆ ತಕ್ಷಣ ಗೊತ್ತಾಗುತ್ತೆ.

ನಾನು ಎರಡೂ ಹಾಕ್ದೆ. ಫೇವರಿಟ್ ಮೊದಲ ಸೆಟ್ ಸೋತ, ಎರಡನೇ ಸೆಟ್ ನಡುವೆ ಭುಜ ಹಿಡ್ಕೊಂಡು ಮ್ಯಾಚ್ ಅರ್ಧಕ್ಕೇ ಬಿಟ್ಟು ನಿವೃತ್ತಿ ತಗೊಂಡ. ಎದುರಾಳಿ ಗೆದ್ದ ಹಂಗಾಯ್ತಲ್ಲ, ನನಗೆ 508.75 ಬರ್ಬೇಕು ಅಂತ ಕೂತಿದ್ದೆ. 1.62 ಕೊಟ್ಟಿದ್ದ ಬುಕ್ಕಿಯ ರೂಲ್ ಪ್ರಕಾರ ಒಂದು ಸೆಟ್ ಮುಗಿದಿದ್ರೆ ಬೆಟ್ ಲೆಕ್ಕಕ್ಕೆ ಬರುತ್ತೆ, ಮುಂದಿನ ಸುತ್ತಿಗೆ ಹೋದವನೇ ಗೆದ್ದವನು, ಸೋ ನನ್ನ 315 ಹೋಯ್ತು. 2.75 ಕೊಟ್ಟಿದ್ದವನ ರೂಲಲ್ಲಿ ಪೂರ್ತಿ ಮ್ಯಾಚ್ ಆಡಿದ್ರೆ ಮಾತ್ರ ಬೆಟ್, ಇಲ್ಲಾಂದ್ರೆ ರದ್ದು, ಸೋ ಅವನು ನನ್ನ 185ನ ಹಂಗೇ ವಾಪಸ್ ಕೊಟ್ಟ. ಇಬ್ರೂ ತಮ್ಮ ರೂಲ್ ಪ್ರಕಾರ ಸರಿಯಾಗೇ ಮಾಡಿದ್ರು, ನಾನೇ ಓದಿರ್ಲಿಲ್ಲ. ಅದೇ ಎದುರಾಳಿ ನಿವೃತ್ತಿ ಆಗಿದ್ದಿದ್ರೆ ನನಗೆ 195 ಪೌಂಡ್ ಲಾಭ ಬರ್ತಿತ್ತು, ಅಂದ್ರೆ ನಾನು ಆಡಿದ್ದು ಆರ್ಬೇ ಅಲ್ಲ, ಯಾರಿಗೆ ಗಾಯ ಆಗುತ್ತೆ ಅನ್ನೋದರ ಮೇಲಿನ ಜೂಜು.

ಇನ್ನೊಂದು ಮಾತು ನನಗೆ ಆಮೇಲೆ ಹೊಳೀತು. ಫೇವರಿಟ್‌ಗೆ ಭುಜ ನೋವಿದೆ ಅನ್ನೋ ಸುದ್ದಿ ಮೊದಲೇ ಓಡಾಡ್ತಿತ್ತು. ನಿವೃತ್ತಿ ಆದ್ರೂ ಬೆಟ್ ಲೆಕ್ಕಕ್ಕೆ ಬರೋ ಕಡೆ ಅವನ ಮೇಲೆ ಹಾಕೋದು ಜಾಸ್ತಿ ಅಪಾಯ, ಹಂಗಾಗಿ ಅಲ್ಲಿ ಅವನ ಆಡ್ಸ್ ಜಾಸ್ತಿ ಇರೋದು ಸಹಜ. ಇಬ್ರ ರೂಲ್ ಬೇರೆ ಇದ್ದಾಗ ಕಾಣೋ ಆ ಎರಡು ಪರ್ಸೆಂಟ್ ಎಷ್ಟೋ ಸಲ ಈ ಅಪಾಯಕ್ಕೆ ಕೊಡೋ ಬೆಲೆ ಅಷ್ಟೇ. ಅದಕ್ಕೆ ಬೆಟ್ ಹಾಕೋ ಮುಂಚೆ ಇಬ್ರ ಟೆನಿಸ್ ರೂಲ್ಸ್ ಪೇಜ್ ತೆಗೆದು ನಿವೃತ್ತಿ ಬಗ್ಗೆ ಇರೋ ಸಾಲು ಪಕ್ಕಪಕ್ಕ ಇಟ್ಟು ಓದು, ಒಂದೇ ಥರ ಇಲ್ಲ ಅಂದ್ರೆ ಆ ಮ್ಯಾಚ್ ಬಿಟ್ಬಿಡು.

ರೂಲ್ ಒಂದೇ ಇದ್ರೂ ಹಾಕೋವಾಗ ಎಡವ್ತೀವಿ. ಮೊದಲು ಎರಡೂ ಅಕೌಂಟಲ್ಲಿ ದುಡ್ಡು ಇರ್ಬೇಕು (ಇಲ್ಲಿ 2020ರ ಏಪ್ರಿಲ್‌ನಿಂದ ಕ್ರೆಡಿಟ್ ಕಾರ್ಡ್ ನಡೆಯಲ್ಲ), ಎರಡೂ ಬೆಟ್ ಸ್ಲಿಪ್ ತೆರೆದು ಮೊತ್ತ ತುಂಬಿಟ್ಕೊಂಡು, ಬೇರೆ ಬುಕ್ಕಿಗಳೆಲ್ಲ ಕೊಡೋದಕ್ಕಿಂತ ಜಾಸ್ತಿ ಇರೋ ಆಡ್ಸ್ ಯಾವುದೋ ಅದನ್ನ ಮೊದಲು ಹಾಕ್ಬೇಕು, ಯಾಕಂದ್ರೆ ಇಳಿಯೋದು ಅದೇ. ಮೊದಲನೇದು ಹಾಕಿ ಎರಡನೇದು 2.75ರಿಂದ 2.50ಕ್ಕೆ ಬಿತ್ತು ಅನ್ಕೋ. ಆಗ 204 ಹಾಕಿದ್ರೆ ಎರಡೂ ಕಡೆ ಸುಮಾರು ಒಂಬತ್ತು ಪೌಂಡ್ ನಷ್ಟ. ಆ ನಷ್ಟ ತಗೊಂಡು ಮುಗಿಸು. ಮತ್ತೆ ಏರ್ಬಹುದು ಅಂತ ಕಾದ್ರೆ 315 ಪೌಂಡ್ ಬೀದೀಲಿ ನಿಂತಿರುತ್ತೆ. ಹತ್ತು ಪರ್ಸೆಂಟ್ ಲಾಭ ತೋರ್ಸೋ ಆರ್ಬ್ ಕಂಡ್ರಂತೂ ಮುಟ್ಲೇಬೇಡ, ಬುಕ್ಕಿ ತಪ್ಪಾಗಿ ಆಡ್ಸ್ ಹಾಕಿರ್ತಾನೆ, ಆಮೇಲೆ ತಪ್ಪು ಬೆಲೆ ಅಂತ ಆ ಬೆಟ್ ರದ್ದು ಮಾಡ್ತಾನೆ, ನಿನ್ನ ಇನ್ನೊಂದು ಕಡೆಯ ಬೆಟ್ ಒಂಟಿಯಾಗಿ ಉಳಿಯುತ್ತೆ.

ಇಷ್ಟೆಲ್ಲ ಸರಿಯಾಗಿ ಮಾಡಿದ್ರೂ ಜಾಸ್ತಿ ದಿನ ನಡೆಯಲ್ಲ. ಇಲ್ಲಿ ಗೆದ್ದ ದುಡ್ಡಿಗೆ ಟ್ಯಾಕ್ಸ್ ಇಲ್ಲ ನಿಜ, ಆದ್ರೆ ಬುಕ್ಕಿ ಗುರುತು ಹಿಡಿದ ಮೇಲೆ ನಿನ್ನ ಲಿಮಿಟ್ ಇಳಿಸ್ತಾನೆ. ನನಗೆ ಒಂದು ಕಡೆ 300 ಪೌಂಡ್ ಹಾಕೋಕೆ ಹೋದ್ರೆ 2.40 ಪೌಂಡ್ ಮಾತ್ರ ತಗೊಂಡ್ರು. ಆಗ ಜನ ಹೆಂಡ್ತಿ ಹೆಸರು, ತಮ್ಮನ ಹೆಸರು ಅಂತ ಅಕೌಂಟ್ ತೆಗೀತಾರೆ, ಅದು ಅವರ ಷರತ್ತಿಗೆ ವಿರುದ್ಧ, ದುಡ್ಡೇ ತಡೆ ಹಿಡೀಬಹುದು. ನೀನು ದಾವಣಗೆರೇಲಿರೋ ತಮ್ಮನ ಕೈಲಿ ಅಲ್ಲಿಂದಾನೇ ಹಾಕಿಸ್ತೀನಿ ಅಂದ್ಯಲ್ಲ, ಅದಂತೂ ಬೇಡ್ವೇ ಬೇಡ ಕಣೋ. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾನೂನನ್ನ 2025ರಲ್ಲಿ ಪಾರ್ಲಿಮೆಂಟೇ ಪಾಸ್ ಮಾಡಿದೆ, ಅವನನ್ನ ಯಾಕೆ ಸಿಕ್ಕಿಸ್ತೀಯ.

ಮೊದಲನೇ ಆರ್ಬ್ ಕಂಡಾಗ ಹಾಕೋ ಮುಂಚೆ ಇಬ್ರ ರೂಲ್ಸ್ ಪೇಜ್ ಸ್ಕ್ರೀನ್‌ಶಾಟ್ ನಂಗೆ ಕಳ್ಸು, ಒಟ್ಟಿಗೆ ಓದೋಣ.

ನಿನ್ನ
ಮಂಜ