ಭಾನುವಾರದ ಚರ್ಚೆಗೆ: ಗದ್ದಲಕ್ಕೆ ಜಗ್ಗದ ಕ್ಯೂಬಿಟ್

ಗೆಳೆಯರೇ, ಭಾನುವಾರ ತುಮಕೂರು ಟೌನ್‌ಹಾಲ್ ಹತ್ತಿರ ಸೇರುವ ಮುಂಚೆ ಇದನ್ನು ಓದಿಕೊಂಡು ಬನ್ನಿ. ಕ್ವಾಂಟಮ್ ಕಂಪ್ಯೂಟರ್‌ನಲ್ಲಿ ಮಾಹಿತಿ ಇಡುವ ಮೂಲ ಘಟಕವೇ ಕ್ಯೂಬಿಟ್; ಅದನ್ನು ಗದ್ದಲದಿಂದ, ಅಂದರೆ ಸುತ್ತಲಿನ ಅಡಚಣೆಗಳಿಂದ, ಕಾಪಾಡುವ ಒಂದು ಉಪಾಯ ಇಲ್ಲಿದೆ.

ಭೌತವಿಜ್ಞಾನಿ ಕಿಟಾಯೆವ್ 2001ರಲ್ಲಿ ಪ್ರಕಟಿಸಿದ ಸೂಪರ್‌ಕಂಡಕ್ಟರ್ ತಂತಿಯ ಲೆಕ್ಕದಲ್ಲಿ ಎರಡು ತುದಿಗೂ ಒಂದೊಂದು ಮೇಯೊರಾನಾ, ಅಂದರೆ ಅರ್ಧ ಎಲೆಕ್ಟ್ರಾನ್‌ನಂಥ ಸ್ಥಿತಿ, ಇರುತ್ತದೆ. ಎರಡೂ ಸೇರಿದರೇ ಒಂದು ಎಲೆಕ್ಟ್ರಾನ್‌ಗೆ ಜಾಗ. ಅದು ತುಂಬಿದೆಯೋ ಖಾಲಿಯೋ ಅನ್ನುವುದೇ ಮಾಹಿತಿ. ಒಂದೇ ತುದಿಯನ್ನು ನೋಡಿದರೆ ಏನೂ ತಿಳಿಯಲ್ಲ, ಹಾಗಾಗಿ ಅಲ್ಲಿನ ಸಣ್ಣ ಗದ್ದಲಕ್ಕೆ ಅದನ್ನು ಕೆಡಿಸೋಕೂ ಆಗಲ್ಲ. ಎಷ್ಟು ಚೆಂದದ ಉಪಾಯ ಅಲ್ವಾ!

ಇಂಥ ನಾಲ್ಕು ಮೇಯೊರಾನಾ ಸೇರಿದರೆ ಒಂದು ಕ್ಯೂಬಿಟ್. ಜಡೆ ಹೆಣೆದಂತೆ ಒಂದನ್ನು ಇನ್ನೊಂದರ ಜೊತೆ ಅದಲು ಬದಲು ಮಾಡಿದರೆ ಸ್ಥಿತಿ ಬದಲಾಗುತ್ತದೆ. ದಾರಿ ಸ್ವಲ್ಪ ಅಂಕುಡೊಂಕಾದರೂ ಪರವಾಗಿಲ್ಲ.

ಆದರೆ ತಂತಿ ಗಿಡ್ಡವಾದರೆ ಎರಡೂ ತುದಿಗಳ ಪ್ರಭಾವ ಬೆರೆತು ರಕ್ಷಣೆ ಹೋಗುತ್ತದೆ. ಹೊರಗಿಂದ ಒಂದು ಬಿಡಿ ಎಲೆಕ್ಟ್ರಾನ್ ನುಗ್ಗಿದರೂ ತುಂಬಿದ್ದು ಖಾಲಿಯಾಗಿಬಿಡುತ್ತದೆ. ಇದನ್ನು ಜಡೆ ತಡೆಯಲ್ಲ. ಚರ್ಚೆ ಇಲ್ಲಿಂದಲೇ ಶುರು ಮಾಡೋಣ.