ಮಗು ಉಲ್ಟಾ ಇದ್ದರೆ ಆಪರೇಷನ್ ಒಂದೇ ಗತಿಯೇ?

ಮಾನ್ಯರೆ,

ಮಂಗಳವಾರದ ಪತ್ರಿಕೆಯಲ್ಲಿ ಬಂದ ಜಗಳೂರು ಕಡೆಯ ಬಾಣಂತಿಯ ಸುದ್ದಿ ಓದಿದ ಸಿಟ್ಟು ಇನ್ನೂ ಇಳಿದಿಲ್ಲ. ‘ಮಗು ಉಲ್ಟಾ ಇತ್ತು, ತುರ್ತು ಆಪರೇಷನ್ ಬಿಟ್ಟು ಬೇರೆ ದಾರಿ ಇರಲಿಲ್ಲ’ ಎಂದು ಅಧಿಕಾರಿಯೊಬ್ಬರು ಹೇಳಿದ್ದಾರೆ, ನೀವು ಅದನ್ನು ಹಾಗೇ ಅಚ್ಚು ಹಾಕಿದ್ದೀರಿ. ಆ ರಾತ್ರಿ ನೀರು ಹೋಗಿ, ಪಾದ ಕೆಳಗೆ ಬಂದ ಮೇಲೆ ದಾರಿ ಇರಲಿಲ್ಲ, ಒಪ್ಪಿದೆವು. ಎರಡು ವಾರ ಹಿಂದೆ ಇತ್ತಲ್ಲ? ಅದನ್ನು ಆಕೆಗೆ ಯಾರೂ ಹೇಳಲಿಲ್ಲ ಎಂಬುದು ಸುದ್ದಿಯ ಕೊನೆಯ ಸಾಲಿನಲ್ಲೂ ಇಲ್ಲ.

ನಿಮ್ಮ ವರದಿಯನ್ನೇ ಇಟ್ಟುಕೊಂಡು ನೋಡೋಣ. ಆಕೆಗೆ ಇದು ಎರಡನೇ ಹೆರಿಗೆ. 31ನೇ ವಾರದ ಸ್ಕ್ಯಾನಿಂಗ್ ಚೀಟಿಯಲ್ಲಿ ‘ಬ್ರೀಚ್’ ಎಂದಿತ್ತು. ಮನೆಯವರು ‘ಕೂಸು ಅಡ್ಡ ಐತಂತೆ’ ಎಂದು ಹೆದರಿ, ಬಸ್ಸಿಗೆ, ಆಟೋಗೆ, ಮತ್ತೆ ಸ್ಕ್ಯಾನಿಂಗಿಗೆ ದುಡ್ಡು ಸುರಿದು ಮೂರು ಸಲ ಅಲೆದರು. ಬ್ರೀಚ್ ಅಂದರೆ ಅಡ್ಡ ಅಲ್ಲ, ಕುಂಡೆ ಅಥವಾ ಕಾಲು ಕೆಳಗೆ, ತಲೆ ಮೇಲೆ ಎಂದು. ಅಷ್ಟನ್ನೂ ಯಾರೂ ಬಿಡಿಸಿ ಹೇಳಲಿಲ್ಲ. 31ನೇ ವಾರದಲ್ಲಿ ಅದಕ್ಕೆ ಹೆದರಬೇಕಾದ್ದೂ ಇರಲಿಲ್ಲ. 28ನೇ ವಾರದ ಹೊತ್ತಿಗೆ ಹೆಚ್ಚೂಕಡಿಮೆ ನಾಲ್ಕೈದು ಮಕ್ಕಳಲ್ಲಿ ಒಂದು ಹೀಗೆ ಇರುತ್ತದೆ. ಒಳಗೆ ಜಾಗವಿದೆ, ನೀರಿದೆ, ಮಗು ತಾನಾಗಿ ತಿರುಗುತ್ತದೆ. ದಿನ ತುಂಬುವ ಹೊತ್ತಿಗೆ ನೂರರಲ್ಲಿ ಮೂರು ನಾಲ್ಕು ಮಾತ್ರ ಹಾಗೇ ಉಳಿಯುತ್ತವೆ.

ಹೆದರಿಸಬಾರದ ವಾರದಲ್ಲಿ ಹೆದರಿಸಿದರು, ನೋಡಬೇಕಾದ ವಾರದಲ್ಲಿ ಯಾರೂ ನೋಡಲಿಲ್ಲ. ನೋಡಬೇಕಾದ್ದು 36ನೇ ವಾರದಲ್ಲಿ. ಆ ಮೇಲೆ ಮಗು ತಾನಾಗಿ ತಿರುಗುವುದು ಅಪರೂಪ, ಚೊಚ್ಚಲಿನವರಲ್ಲಿ ನೂರಕ್ಕೆ ಎಂಟು. ಹೊಟ್ಟೆ ಮುಟ್ಟಿ ನೋಡಿದರೆ ಪಕ್ಕೆಲುಬಿನ ಕೆಳಗೆ ಗಟ್ಟಿಯಾದ ದುಂಡನೆಯ ತಲೆ ಸಿಗುತ್ತದೆ, ಬೆರಳಲ್ಲಿ ತಟ್ಟಿದರೆ ಚೆಂಡಿನ ಹಾಗೆ ಆಚೀಚೆ ಆಡುತ್ತದೆ. ಕೆಳಗೆ ಸಿಗುವುದು ಮೆತ್ತಗಿನ ಕುಂಡೆ. ಮಗುವಿನ ಎದೆಬಡಿತ ಹೊಕ್ಕುಳಿನ ಮೇಲ್ಭಾಗದಲ್ಲಿ ಜೋರಾಗಿ ಕೇಳುತ್ತದೆ. ತಲೆ ಪಕ್ಕೆಗೆ ಒತ್ತುತ್ತದೆ, ಒದೆತ ಕೆಳಹೊಟ್ಟೆಯಲ್ಲಿ ಎಂದು ಎಷ್ಟೋ ತಾಯಂದಿರು ತಾವೇ ಹೇಳುತ್ತಾರೆ. ಆದರೆ ಕೈ ತಪ್ಪುವುದುಂಟು. ಅನುಮಾನ ಬಂದರೆ ಅಂದೇ ಸ್ಕ್ಯಾನಿಂಗ್ ಆಗಬೇಕು. ತಾಯಿ ಕಾರ್ಡಿನಲ್ಲಿ ತೂಕ ಬರೆದು, ಬಿ.ಪಿ. ಬರೆದು, ಕಬ್ಬಿಣದ ಮಾತ್ರೆ ಕೈಗಿಟ್ಟು ಕಳಿಸಿದರೆ ಇದು ಗೊತ್ತಾಗುವುದಿಲ್ಲ.

ಗೊತ್ತಾಗಿದ್ದರೆ ಏನು ಮಾಡಬಹುದಿತ್ತು? ಹೊಟ್ಟೆಯ ಮೇಲಿನಿಂದ ಕೈಯಲ್ಲೇ ಮಗುವನ್ನು ತಿರುಗಿಸಬಹುದಿತ್ತು. ಆಸ್ಪತ್ರೆಯವರು ಇದನ್ನು ಇಸಿವಿ ಎನ್ನುತ್ತಾರೆ. ಚೊಚ್ಚಲಾದರೆ 36 ವಾರ ತುಂಬಿದ ಮೇಲೆ, ಮೊದಲೇ ಹೆತ್ತವರಿಗೆ 37 ತುಂಬಿದ ಮೇಲೆ. ಮೊದಲು ಸ್ಕ್ಯಾನಿಂಗಿನಲ್ಲಿ ಮಗುವಿನ ಭಂಗಿ, ಮಾಸು ಎಲ್ಲಿದೆ, ನೀರು ಎಷ್ಟಿದೆ ಎಂದು ನೋಡುತ್ತಾರೆ. ಮಗುವಿನ ಎದೆಬಡಿತವನ್ನು 20–30 ನಿಮಿಷ ಮೆಷಿನ್ನಿನಲ್ಲಿ ದಾಖಲಿಸುತ್ತಾರೆ. ಮೂತ್ರ ಖಾಲಿ ಮಾಡಿಸಿ ಮಲಗಿಸುತ್ತಾರೆ. ಗರ್ಭಕೋಶ ಸಡಿಲವಾಗಲಿ ಎಂದು ಟರ್ಬ್ಯುಟಲಿನ್ 250 ಮೈಕ್ರೋಗ್ರಾಂ ಚರ್ಮದ ಕೆಳಗೆ ಚುಚ್ಚುತ್ತಾರೆ. ಅದರಿಂದ ಸ್ವಲ್ಪ ಹೊತ್ತು ಎದೆ ಡವಡವ ಎನ್ನುತ್ತದೆ, ಹೃದಯದ ಕಾಯಿಲೆ ಇರುವವರಿಗೆ ಅದನ್ನು ಕೊಡುವುದಿಲ್ಲ. ಆಮೇಲೆ ಹೊಟ್ಟೆಗೆ ಜೆಲ್ ಸವರಿ, ಒಂದು ಕೈಯಲ್ಲಿ ಕುಂಡೆಯನ್ನು ಕಟಿಯೊಳಗಿಂದ ಮೇಲಕ್ಕೆತ್ತಿ ಪಕ್ಕಕ್ಕೆ ತಳ್ಳುತ್ತಾ, ಇನ್ನೊಂದು ಕೈಯಲ್ಲಿ ತಲೆಯನ್ನು ಕೆಳಕ್ಕೆ ತರುತ್ತಾರೆ, ಮಗು ಮುಂದಕ್ಕೆ ಪಲ್ಟಿ ಹೊಡೆಯುವ ಹಾಗೆ. ಆಗದಿದ್ದರೆ ಹಿಂದಕ್ಕೆ ಪಲ್ಟಿ. ನಡುನಡುವೆ ನಿಲ್ಲಿಸಿ ಎದೆಬಡಿತ ನೋಡುತ್ತಾರೆ. ನಾಲ್ಕು ಪ್ರಯತ್ನ, ಒಟ್ಟು ಹತ್ತು ನಿಮಿಷ ದಾಟಬಾರದು. ನೋವಾಗುತ್ತದೆ. ತಾಯಿ ಸಾಕು ಎಂದರೆ ಅಲ್ಲಿಗೆ ನಿಲ್ಲಿಸಬೇಕು. ಮುಗಿದ ಮೇಲೆ ಎದೆಬಡಿತವನ್ನು ಮತ್ತೆ ದಾಖಲಿಸಬೇಕು, ತಾಯಿಯ ರಕ್ತ ನೆಗೆಟಿವ್ ಗುಂಪಿನದಾದರೆ ಆಂಟಿ-ಡಿ ಇಂಜೆಕ್ಷನ್ ಕೊಡಬೇಕು.

ಒಟ್ಟಾರೆ ಎರಡರಲ್ಲಿ ಒಂದು ತಿರುಗುತ್ತದೆ. ಚೊಚ್ಚಲಿನವರಲ್ಲಿ ನೂರಕ್ಕೆ 40, ಮೊದಲೇ ಹೆತ್ತವರಲ್ಲಿ 60, ಏಕೆಂದರೆ ಅವರ ಹೊಟ್ಟೆಯ ಸ್ನಾಯು ಸಡಿಲವಾಗಿರುತ್ತದೆ. ಜಗಳೂರಿನ ಆ ತಾಯಿ ಈ ಎರಡನೇ ಗುಂಪಿನವಳು ಎಂಬುದೇ ಹೊಟ್ಟೆ ಉರಿಸುವ ಸಂಗತಿ. ಒಮ್ಮೆ ತಿರುಗಿದ ಮಗು ಮರಳಿ ಉಲ್ಟಾ ಆಗುವುದು ನೂರಕ್ಕೆ ಐದಕ್ಕಿಂತ ಕಡಿಮೆ. ಅಪಾಯವಿಲ್ಲ ಎಂದು ನಾವು ಹೇಳುತ್ತಿಲ್ಲ. ಸುಮಾರು 200ರಲ್ಲಿ ಒಬ್ಬರಿಗೆ ಮಾಸು ಕಿತ್ತೋ, ಮಗುವಿನ ಎದೆಬಡಿತ ಇಳಿದೋ, ತಕ್ಷಣ ಸಿಜೇರಿಯನ್ ಬೇಕಾಗುತ್ತದೆ. ಆದ್ದರಿಂದಲೇ ಆಪರೇಷನ್ ಕೋಣೆ ಪಕ್ಕದಲ್ಲಿರಬೇಕು. ಮಾಸು ಗರ್ಭದ ಬಾಯಿಗೆ ಅಡ್ಡ ಕೂತವರಿಗೆ, ಇತ್ತೀಚೆಗೆ ರಕ್ತ ಹೋದವರಿಗೆ, ನೀರು ಒಡೆದವರಿಗೆ, ಹೊಟ್ಟೆಯಲ್ಲಿ ಅವಳಿ ಇರುವವರಿಗೆ ಇದನ್ನು ಮಾಡುವಂತಿಲ್ಲ. ಮನೆಯಲ್ಲಿ ಎಣ್ಣೆ ಹಚ್ಚಿ ತಿಕ್ಕಿ ತಿರುಗಿಸುತ್ತೇವೆ ಎನ್ನುವವರು ಇದನ್ನೇ ಯೋಚಿಸುವುದಿಲ್ಲ. ಒಳಗೆ ಮಾಸು ಕಿತ್ತರೆ ಅವರಿಗೆ ಗೊತ್ತಾಗುವ ಬಗೆಯೇ ಇಲ್ಲ.

ತಿರುಗದಿದ್ದರೆ 39ನೇ ವಾರಕ್ಕೆ ದಿನ ಗೊತ್ತುಮಾಡಿ ಸಿಜೇರಿಯನ್, ಇಲ್ಲವೇ ಬ್ರೀಚ್ ಹೆರಿಗೆಯಲ್ಲಿ ಕೈ ಪಳಗಿದವರು ಇರುವ ಕಡೆ ಸಹಜ ಹೆರಿಗೆ. 2000ದಲ್ಲಿ 26 ದೇಶಗಳ 2,088 ಗರ್ಭಿಣಿಯರ ಅಧ್ಯಯನ ಬಂದ ಮೇಲೆ ಎಲ್ಲ ಕಡೆ ಸಿಜೇರಿಯನ್ನಿಗೆ ವಾಲಿದರು, ಪಳಗಿದ ಕೈಗಳೂ ಕಡಿಮೆಯಾದವು. ಏನೇ ಇರಲಿ, ಹಗಲಲ್ಲಿ ತಯಾರಿಯಿಂದ ಆಗುವ ಆಪರೇಷನ್ನೇ ಬೇರೆ, ರಾತ್ರಿ ನೀರು ಹೋಗಿ ಆಂಬುಲೆನ್ಸಿನಲ್ಲಿ ಓಡುವುದೇ ಬೇರೆ. ಪಾದ ಕೆಳಗಿದ್ದಾಗ ಗರ್ಭದ ಬಾಯಿ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ನೀರಿನ ಜೊತೆ ಹೊಕ್ಕುಳಬಳ್ಳಿ ಜಾರಿ ಬಂದು ಅದುಮಿದರೆ ಮಗುವಿಗೆ ರಕ್ತ ನಿಲ್ಲುತ್ತದೆ. ಬ್ರೀಚ್ ಎಂದು ಗೊತ್ತಿರುವವರಿಗೆ ನೀರು ಹೋದರೆ ನಡೆದಾಡಿಸದೆ, ಎಡಮಗ್ಗುಲಿಗೆ ಮಲಗಿಸಿ, ಸೊಂಟದ ಕೆಳಗೆ ದಿಂಬು ಕೊಟ್ಟು 108ಕ್ಕೆ ಕರೆ ಮಾಡಬೇಕು. ಆ ಮನೆಯವರು ಆಕೆಯನ್ನು ರಸ್ತೆಯವರೆಗೆ ನಡೆಸಿಕೊಂಡು ಬಂದರಂತೆ. ಅವರನ್ನು ಬೈದು ಏನು ಫಲ? ಹೇಳಬೇಕಾದವರು ಹೇಳಲಿಲ್ಲ.

ಇದೇ ಅಧಿಕಾರಿಗಳಿಗೆ ಸ್ಕ್ಯಾನಿಂಗ್ ಮೆಷಿನ್ ಕೆಟ್ಟು ನಿಂತಾಗ ಬರೆದೆವು, ಉತ್ತರವಿಲ್ಲ. ಪ್ರತಿ ತಿಂಗಳ 9ರಂದು ಗರ್ಭಿಣಿಯರ ತಪಾಸಣೆ ಎಂದು ಬ್ಯಾನರ್ ಕಟ್ಟುತ್ತಾರೆ. ತುಂಬುಗರ್ಭಿಣಿಯರು ಬೆಳಿಗ್ಗೆಯಿಂದ ನಿಂತಿರುತ್ತಾರೆ, ಕೂರಲು ಬೆಂಚಿಲ್ಲ, ಶೌಚಾಲಯಕ್ಕೆ ಬೀಗ, ಡಾಕ್ಟರ್ ಮೀಟಿಂಗಿಗೆ ಹೋಗಿರುತ್ತಾರೆ. ಸಭೆಯಲ್ಲಿ ಕೇಳುವುದು ಎಷ್ಟು ಹೆರಿಗೆ ಎಂಬ ಸಂಖ್ಯೆಯನ್ನು ಮಾತ್ರ. 36ನೇ ವಾರದಲ್ಲಿ ಎಷ್ಟು ಜನರ ಹೊಟ್ಟೆ ಮುಟ್ಟಿ ನೋಡಿದಿರಿ ಎಂದು ಒಬ್ಬರಾದರೂ ಕೇಳಿದ್ದಾರೆಯೇ?

ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ವಾರಕ್ಕೊಂದು ದಿನ ಮಗು ತಿರುಗಿಸುವ ವ್ಯವಸ್ಥೆ ಮಾಡಲಿ. ಅದಾಗದಿದ್ದರೆ 36ನೇ ವಾರದ ಪರೀಕ್ಷೆಯನ್ನಾದರೂ ನೆಟ್ಟಗೆ ಮಾಡಿ, ಎಲ್ಲಿಗೆ ಹೋಗಬೇಕೆಂದು ತಾಯಿ ಕಾರ್ಡಿನಲ್ಲಿ ಬರೆದು ಕೊಡಲಿ. ಅದೂ ಆಗದಿದ್ದರೆ ‘ದಾರಿ ಇರಲಿಲ್ಲ’ ಎಂದು ಪತ್ರಿಕೆಗೆ ಹೇಳುವುದನ್ನು ನಿಲ್ಲಿಸಲಿ.

ಇತಿ,
ಹೆರಿಗೆ ವಾರ್ಡಿನ ನಿವೃತ್ತ ಶುಶ್ರೂಷಕಿಯರು, ದಾವಣಗೆರೆ